ಒಟಿಪಿ ಹೋದ ನಂಬರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಳೇ ಸ್ಕೂಟರ್ ಕೊಂಡಾಗಲೂ ಹಾಗೇ ಆಯಿತು.

ಮನೆಮನೆಗೆ ಹೋಗಿ ರವಿಕೆ ಅಳತೆ ತಂದು ಹೊಲಿದುಕೊಡುವವಳು ನಾನು. ಹುಣಸೂರಿನ ಸುತ್ತಲ ಹಳ್ಳಿಗಳಿಗೆ ಬಸ್ಸು ಕಾದು ಕಾದು ಸಾಕಾಗಿತ್ತು. ಕಟ್ಟೆಮಳಲವಾಡಿಯ ಗೌಡರೊಬ್ಬರು ಮಂಡಿನೋವೆಂದು ತಮ್ಮ ಸ್ಕೂಟರ್ ಮಾರುತ್ತಾರೆಂದು ಅವರ ಸೊಸೆಯೇ ನನಗೆ ಹೇಳಿದ್ದು. ವ್ಯಾಪಾರದ ಮಾತು ಮುಗಿಯಿತು, ಆದರೆ ಆರ್‌ಸಿ ನನ್ನ ಹೆಸರಿಗಾಗದೆ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದೆ. ನಮ್ಮ ಕಡೆ ಹೆಚ್ಚಿನವರು ಮಾರಿದವನಿಂದ ಒಂದು ಸಹಿ ಹಾಕಿಸಿಕೊಂಡು ವರ್ಷಗಟ್ಟಲೆ ಅವನ ಹೆಸರಲ್ಲೇ ಓಡಿಸುತ್ತಾರೆ. ನನಗದು ಒಗ್ಗದು. ಸ್ವಂತದ್ದೆಂದು ನನ್ನ ಹೆಸರಲ್ಲಿ ಅದುವರೆಗೆ ಏನೂ ಇರಲಿಲ್ಲ.

ಗೌಡರನ್ನು ಹುಣಸೂರಿನಲ್ಲಿ ಅರ್ಜಿ ಹಾಕಿಕೊಡುವ ಒಂದು ಆನ್‌ಲೈನ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯಾಕೆ ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಒತ್ತಿ, ಮೊಬೈಲಿಗೆ ಒಟಿಪಿ ಬಂದಿರುತ್ತದೆ ನೋಡಿ ಎಂದಳು. ಗೌಡರು ಕೀಪ್ಯಾಡ್ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಾದರು. ಬರಲಿಲ್ಲ. ಆರ್‌ಸಿಗೆ ಸೇರಿಸಿದ ನಂಬರಿಗಷ್ಟೇ ಬರುವುದು ಎಂದು ಆಕೆ ಕೊನೆಯ ನಾಲ್ಕು ಅಂಕಿ ಓದಿ ಹೇಳಿದಳು. ಗೌಡರು ಫೋನನ್ನು ಜೇಬಿಗೆ ಹಾಕಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಎಂದು ನಾನು ಗೊಣಗಿದೆ.

ಅದು ಅವರ ಮಗಳ ನಂಬರು. ಗಾಡಿ ಕೊಂಡಾಗ ಇಂಗ್ಲಿಷ್ ಮೆಸೇಜು ಓದಬಲ್ಲವಳು ಮನೆಯಲ್ಲಿ ಅವಳೊಬ್ಬಳೇ ಎಂದು ಷೋರೂಮಿನಲ್ಲಿ ಅವಳ ನಂಬರೇ ಬರೆಸಿದ್ದರಂತೆ. ಆಮೇಲೆ ಅವಳು ತನಗೆ ಬೇಕಾದವನನ್ನು ಮದುವೆಯಾಗಿ ಕೊಪ್ಪ ಸೇರಿದಳು. ಅಲ್ಲಿಂದ ಮುಂದೆ ಅಪ್ಪ ಮಗಳಿಗೆ ಮಾತಿಲ್ಲ, ಮನೆಯಲ್ಲಿ ಯಾರೂ ಅವಳ ಹೆಸರೆತ್ತುವಂತಿಲ್ಲ. ಮಾತು ಬಿಟ್ಟ ಕತೆಯನ್ನು ಸೊಸೆಯ ಬಾಯಿಂದ ಮೊದಲೇ ಕೇಳಿದ್ದೆ, ನಂಬರಿನ ಸಂಗತಿ ಗೌಡರು ಆಗಷ್ಟೇ ಹೇಳಿದ್ದು.

ನಂಬರ್ ಬದಲಾಯಿಸಬಹುದಾ ಎಂದು ಗೌಡರು ಕೇಳಿದರು. ಆಧಾರ್ ಇದ್ದರೆ ಆಗುತ್ತದೆ, ಅದಕ್ಕೆ ಬೇರೆ ಅರ್ಜಿ ಹಾಕಬೇಕು, ಅಷ್ಟರಲ್ಲಿ ಗಾಡಿ ಮೇಲೆ ದಂಡ ಬಾಕಿ ಇದೆಯಾ ನೋಡಿಬಿಡುತ್ತೇನೆ, ಇದ್ದರೆ ವರ್ಗಾವಣೆ ಮುಂದೆ ಹೋಗುವುದಿಲ್ಲ ಎಂದಳು ಅಂಗಡಿಯಾಕೆ. ಗೌಡರ ಮುಖ ಸಣ್ಣದಾಯಿತು. ಹೆಲ್ಮೆಟ್ ಅವರ ತಲೆಗೆ ಎಂದೂ ಹಿಡಿಸಿದ್ದಲ್ಲ. ಪೊಲೀಸರು ಫೋಟೋ ತೆಗೆದಾಗಲೆಲ್ಲ ದಂಡ ಬಂದರೆ ಬರಲಿ ಎಂದು ಸುಮ್ಮನೆ ಮನೆಗೆ ಬಂದವರು.

ಬಾಕಿ ಏನೂ ಇರಲಿಲ್ಲ. ದಂಡಗಳಿದ್ದವು, ಹುಣಸೂರಿನವು, ಮೈಸೂರಿನವು, ಎಲ್ಲದರ ಮುಂದೆಯೂ ಪಾವತಿಯಾಗಿದೆ ಎಂದಿತ್ತು.

"ನಾನ್ ಒಂದ್ ಪೈಸಾನೂ ಕಟ್ಟಿಲ್ಲ ಕಣವ್ವ," ಎಂದರು ಗೌಡರು.

ದಂಡದ ಮೆಸೇಜು ಕೂಡ ಆ ನಂಬರಿಗೇ ಹೋಗುವುದು ಎಂದಳು ಅಂಗಡಿಯಾಕೆ. ಕಟ್ಟಿದವಳು ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಗೌಡರು ಬಹಳ ಹೊತ್ತು ಆ ಪರದೆಯನ್ನೇ ನೋಡಿದರು. ಓದಲು ಬಾರದವರು ಏನು ನೋಡುತ್ತಿದ್ದರೋ. ಯಾರ ಸಂಕಟ ಕಂಡರೂ ನನಗೆ ಸಿಟ್ಟೇ ಬರುವುದು.

ಕೊನೆಗೆ ಫೋನ್ ತೆಗೆದರು. ಯಾವ ಹೆಸರನ್ನೂ ಹುಡುಕದೆ, ಹತ್ತೂ ಅಂಕಿಗಳನ್ನು ತಾವೇ ಒತ್ತಿ, ಅದನ್ನು ನನ್ನ ಕೈಗೆ ಚಾಚಿದರು, ನೀನೇ ಕೇಳು ಎಂದು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

"ನಿಮ್ ಮಗಳು, ನೀವೇ ಕೇಳ್ರಿ. ನಂಗೇನ್ ಗಾಡಿ ಅರ್ಜೆಂಟಿಲ್ಲ," ಎಂದೆ. ಶುದ್ಧ ಸುಳ್ಳು.

ಅಷ್ಟರಲ್ಲಿ ಆ ಕಡೆಯಿಂದ ಅಪ್ಪ ಎಂಬ ದನಿ ಬಂತು. ಫೋನಿನ ಸದ್ದು ಜೋರು, ನಮಗೆಲ್ಲ ಕೇಳಿಸುತ್ತಿತ್ತು. ಗಾಡಿ ಮಾರಿದೆ, ನಿನಗೆ ಒಂದು ನಂಬರ್ ಬಂದಿದೆಯಂತೆ, ಹೇಳಬೇಕಂತೆ ಎಂದು ಗೌಡರು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಅವಳು ನಂಬರ್ ಹೇಳಲಿಲ್ಲ.

"ದಂಡ ಬಂದಾಗೆಲ್ಲ ಅಪ್ಪ ಗಾಡಿ ಓಡುಸ್ತಾ ಅವ್ನೆ, ಗಟ್ಟಿಯಾಗವ್ನೆ ಅನ್ಕೊತಿದ್ದೆ. ಇನ್ಮೇಲೆ ನಂಗ್ ಎಂಗ್ ಗೊತ್ತಾಗ್ಬೇಕು?"

ಗೌಡರು ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡರು. ನನಗೂ ಕಣ್ಣು ತುಂಬಿತು. ಅಂಗಡಿಯಾಕೆ ಮೆಲ್ಲಗೆ, ಆ ಒಟಿಪಿಯ ಹೊತ್ತು ಮೀರಿತು, ಇನ್ನೊಂದು ಕಳಿಸುತ್ತೇನೆ ಎಂದಳು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ.

ಗೌಡರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇನ್ನೊಂದ್ ನಂಬರ್ ಬತ್ತದಂತೆ ಕಣವ್ವ," ಎಂದರು. "ಫೋನ್ ಮಡಗ್ಬುಡಬ್ಯಾಡ."