ಕಾತ್ರಜದ ಕಂಪನಿ ಬಸ್ಸು

ಆಫೀಸಿನ ತಂಡ ಬಿಟ್ಟು ಮನೆಯಲ್ಲಿ ಒಬ್ಬಳೇ ಅನುವಾದದ ಕೆಲಸಕ್ಕೆ ಕೂತ ಮೇಲೆ, ಹಗಲೆಲ್ಲ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ನೈಟಿಯಲ್ಲೇ ಸಂಜೆಯಾಗುತ್ತಿತ್ತು. ದಿನಕ್ಕೊಂದು ಶುರುವಾದರೂ ಇರಲಿ ಎಂದು ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಡಬ್ಬಿ ಕಟ್ಟಿಕೊಂಡು, ಮೊದಲು ಕಂಪನಿ ಬಸ್ಸು ಹತ್ತುತ್ತಿದ್ದ ಕಾತ್ರಜ ಚೌಕದವರೆಗೆ ನಡೆದುಹೋಗಿ ಮನೆಯ ಮೇಜಿಗೇ ಮರಳುವ ರೂಢಿ ಮಾಡಿಕೊಂಡೆ.

ಒಂದಿನ ಹಳೇ ಕಂಪನಿಯ ಬಸ್ಸು ನನ್ನೆದುರೇ ನಿಂತಿತು. ವಿಜಯಪುರದ ಡ್ರೈವರ್ ಬಾಗಿಲು ತೆಗೆದ.

"ಬರ್ರಿ ಮೇಡಂ! ರಜಾ ಮುಗೀತೇನ್ರಿ?"

"ಹೌದ್ರಿ," ಅಂದೆ. ಹತ್ತಿಯೂ ಬಿಟ್ಟೆ.

ನನ್ನ ಕಿಟಕಿ ಸೀಟಿನಲ್ಲಿ ಯಾರೋ ಹೊಸಬಳು ಕೂತಿದ್ದಳು. ಆಫೀಸಿನ ಗೇಟಿನಲ್ಲಿ ಎಲ್ಲರೂ ಕಾರ್ಡ್ ತೋರಿಸಿ ಒಳಗೆ ಹೋದರು. ನಾನು ಡಬ್ಬಿ ಹಿಡಿದು ಹೊರಗೇ ನಿಂತೆ.

ರಿಕ್ಷಾ ಹಿಡಿದು ಮನೆಗೆ ಬಂದು ಕೆಲಸಕ್ಕೆ ಕೂತಾಗ ಮಧ್ಯಾಹ್ನವಾಗಿತ್ತು. ಯಾಕಿಷ್ಟು ತಡ ಅಂತ ಬೈಯೋಕಾದರೂ ಒಬ್ಬರು ಇರಬಾರದೇ?