ಪ್ರಕಟಣೆಯ ಕೆಳಗಿದ್ದ ಫಾರಂ

ನಮ್ಮ ಆಸ್ಪತ್ರೆಯ ಸಿಬ್ಬಂದಿ ವಿಭಾಗದಲ್ಲಿ ನನ್ನ ಪಕ್ಕದ ಮೇಜು ರಬ್ಬರ್ ಅಕ್ಕನದು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನಾನು ಟಪಾಲು, ಅರ್ಜಿ ನೋಡಿಕೊಳ್ಳುತ್ತೇನೆ. ಕೆಲಸದ ಪ್ರಕಟಣೆಯಾಗಲಿ, ರಜೆಯ ನಿಯಮವಾಗಲಿ, ಹೊರಗೆ ಹೋಗುವ ಮುಂಚೆ ಅವಳ ಕೈ ದಾಟಿಯೇ ಹೋಗಬೇಕು. ಅವಳ ಕೈಯಲ್ಲಿ ಸದಾ ಪೆನ್ಸಿಲ್ಲು, ರಬ್ಬರು. ಹೆಸರು ಬಂದದ್ದು ಹಾಗೆ.

ಮಹಡಿಯ ಆಡಳಿತ ಕಚೇರಿಯಿಂದ ಬರುವ ಕರಡುಗಳನ್ನು ನೋಡಿದರೆ ಅವಳ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಈ ಸಲ ಟೆಲಿಫೋನ್ ಮೇಜಿಗೆ ಬೇಕಾಗಿದ್ದವರು: ‘ಇಪ್ಪತ್ತೈದರೊಳಗಿನ, ಮದುವೆಯಾಗದ, ಲಕ್ಷಣವಾದ ಹುಡುಗಿಯರು.’

“ಇವರೇನು ಕೆಲಸಕ್ಕೆ ಜನ ಹುಡುಕ್ತಿದ್ದಾರೋ, ಹೆಣ್ಣು ನೋಡೋಕೆ ಹೊರಟಿದ್ದಾರೋ? ಥೂ,” ಎಂದಳು.

ಅದನ್ನೆಲ್ಲ ಅಳಿಸಿ, ‘ದಿನಕ್ಕೆ ಇನ್ನೂರು ಕರೆ ಸ್ವೀಕರಿಸಿ, ಸರಿಯಾದ ವಿಭಾಗಕ್ಕೆ ಕೊಟ್ಟು, ಗಾಬರಿಯಾದವರೊಡನೆ ಸಮಾಧಾನದಿಂದ ಮಾತಾಡಬಲ್ಲವರು’ ಎಂದು ಬರೆದಳು. ಬೇಕಾದದ್ದು ಅಷ್ಟೇ ತಾನೇ? ನಮ್ಮ ವಿಭಾಗದ ಸಾಹೇಬರು ಓದಿ, “ಚೆನ್ನಾಗಿದೆಯಮ್ಮ,” ಎಂದು ಸಹಿ ಹಾಕಿದರು. ಪ್ರಕಟಣೆ ನೋಟಿಸ್ ಬೋರ್ಡಿಗೆ ಹೋಯಿತು.

ಮರುದಿನವೇ ಎರಡನೇ ವಾರ್ಡಿನ ಆಯಮ್ಮ ಬಾಗಿಲಲ್ಲಿ ನಿಂತಿದ್ದಳು. ನಲವತ್ತೆಂಟು ವಯಸ್ಸು, ಗಂಡ ಇಲ್ಲ, ಇಬ್ಬರು ಮಕ್ಕಳು. ಆಪರೇಟರ್ ಊಟಕ್ಕೆ ಹೋದಾಗ ಒಂಬತ್ತು ವರ್ಷದಿಂದ ಟೆಲಿಫೋನ್ ಮೇಜಿನಲ್ಲಿ ಕೂರುತ್ತಿದ್ದವಳು ಅವಳೇ. ಆಸ್ಪತ್ರೆಯ ಅಷ್ಟೂ ನಂಬರು ಅವಳಿಗೆ ಬಾಯಿಪಾಠ. ಬಕೆಟ್ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಕೂತು ಮಾಡುವ ಈ ಕೆಲಸ ಸಿಗದಿದ್ದರೆ ಇನ್ನಾರು ತಿಂಗಳೂ ದುಡಿಯುವುದು ಕಷ್ಟವಿತ್ತು.

“ಅಕ್ಕಾ, ಇದ್ರಲ್ಲಿ ವಯಸ್ಸೂ ಇಲ್ಲ, ಮದ್ವೆ ವಿಷಯಾನೂ ಇಲ್ಲ. ನಾನೂ ಹಾಕಬಹುದಾ?”

“ನೀನಲ್ಲದೆ ಇನ್ಯಾರು ಹಾಕಬೇಕು? ಸುಮ್ನೆ ಹಾಕು,” ಎಂದಳು ರಬ್ಬರ್ ಅಕ್ಕ. ನಾನು ಬೀರುವಿನಿಂದ ಒಂದು ಅರ್ಜಿ ಫಾರಂ ತೆಗೆದುಕೊಟ್ಟೆ.

ಎರಡು ವಾರಕ್ಕೆ ಸಂದರ್ಶನದ ಪಟ್ಟಿ ಬಂತು. ಆರು ಹೆಸರು. ಆಯಮ್ಮನದಿಲ್ಲ.

ರಬ್ಬರ್ ಅಕ್ಕ ಅರ್ಜಿಗಳ ಕಟ್ಟು ತರಿಸಿಕೊಂಡು ಬಿಚ್ಚಿದಳು. ಫಾರಂ ಶುರುವಾಗುವುದೇ ವಯಸ್ಸಿನಿಂದ. ಆಮೇಲೆ ತಂದೆ ಅಥವಾ ಗಂಡನ ಹೆಸರು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಫೋಟೋ. ಅನುಭವಕ್ಕೆ ಕೊನೆಯಲ್ಲಿ ಒಂದೇ ಸಾಲು. ಆಯಮ್ಮ ತನ್ನ ಒಂಬತ್ತು ವರ್ಷವನ್ನು ಆ ಸಾಲಿಗೆ ಹಿಡಿಸಲು ಅಕ್ಷರ ಕುಗ್ಗಿಸಿ ಕುಗ್ಗಿಸಿ ಬರೆದಿದ್ದಳು. ಸಾಹೇಬರ ಕೆಂಪು ಗೀಟು ಮಾತ್ರ ನಲವತ್ತೆಂಟರ ಮೇಲಿತ್ತು.

“ಈ ಫಾರಂ ಎಲ್ಲಿಂದ ಬಂತೇ?”

“ಬೀರುವಿಂದ. ಯಾವಾಗ್ಲೂ ಇದೇ ಅಲ್ವಾ ಕೊಡೋದು,” ಎಂದೆ. ನಾವು ಸೇರುವ ಮುಂಚೆ ಸಾವಿರಗಟ್ಟಲೆ ಅಚ್ಚಾದ ಫಾರಂ ಅದು. ಪ್ರಕಟಣೆ ತಿದ್ದುವುದು ಅವಳ ಕೆಲಸ, ಫಾರಂ ಕೊಡುವುದು ನನ್ನದು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಅವಳು ನೇರ ಸಾಹೇಬರ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ.

“ಪ್ರಕಟಣೆ ಹೊರಗಿನವರಿಗೆ ತೋರಿಸೋಕಮ್ಮ. ಆಯ್ಕೆ ಬೇರೆ,” ಎಂದರು ಆ ಮಹಾನುಭಾವರು, ಹಲ್ಲು ಕಿರಿಯುತ್ತ. “ಆ ವಯಸ್ಸಿನವರನ್ನ ತಂದು ಮುಂದೆ ಕೂರಿಸೋಕಾಗುತ್ತಾ?”

“ಒಂಬತ್ತು ವರ್ಷದಿಂದ ಕೂತಿದ್ದಾಳಲ್ಲ ಸರ್. ನೀವು ಊಟ ಮಾಡೋ ಹೊತ್ತಲ್ಲಿ.”

ಅವಳು ಹೊರಬಂದು ಸಾಹೇಬರ ಮನಸ್ಸಿನಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದಳು: ಇಪ್ಪತ್ತೈದರೊಳಗೆ, ಮದುವೆಯಾಗಿರಬಾರದು, ಮಕ್ಕಳಿರಬಾರದು. ಮತ್ತೆ ಹೋಗಿ ಅವರ ಮುಂದಿಟ್ಟಳು.

“ಪ್ರಕಟಣೆಯಲ್ಲಿ ಹೇಳದ ಕಾರಣಕ್ಕೆ ಯಾರನ್ನೂ ಕೈಬಿಡಬಾರದು ಅಂತ ನಮ್ಮದೇ ನೇಮಕಾತಿ ನಿಯಮ ಇದೆ ಸರ್. ನಾಲ್ಕನೇ ಪುಟ, ನಿಮ್ಮದೇ ಸಹಿ. ಇದಕ್ಕೂ ಒಂದು ಹಾಕಿಬಿಡಿ. ಬೋರ್ಡಿಗೆ ಅಂಟಿಸ್ತೀನಿ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಸಹಿ ಬೀಳಲಿಲ್ಲ. ಪಟ್ಟಿ ರದ್ದಾಯಿತು.

ನಾವಿಬ್ಬರೂ ಕೂತು ಮಾಡಿದ ಹೊಸ ಫಾರಮಿನಲ್ಲಿ ಹೆಸರು, ವಿಳಾಸ, ಬರುವ ಭಾಷೆ, ಮಾಡಿದ ಕೆಲಸ, ಯಾವ ಪಾಳಿಗೆ ಬರಬಲ್ಲಿರಿ, ಇಷ್ಟೇ. ಅನುಭವಕ್ಕೆ ಅರ್ಧ ಪುಟ. ವಯಸ್ಸಿನ ದಾಖಲೆ ಕೇಳುವುದು ಆಯ್ಕೆಯಾದ ಮೇಲೆ. ಬಂದವರಿಗೆಲ್ಲ ಒಂದೇ ಪರೀಕ್ಷೆ, ಟೆಲಿಫೋನಿನಲ್ಲೇ. ಆಯಮ್ಮ ಮೊದಲನೆಯವಳಾಗಿ ಪಾಸಾದಳು.

ನೇಮಕದ ಆದೇಶ ಕೈಗೆ ಬಂದ ದಿನ ಆಯಮ್ಮ ಅದನ್ನು ತೋರಿಸಲು ಬಂದಾಗ ರಬ್ಬರ್ ಅಕ್ಕ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದಳು. ಸುತ್ತ ಐದು ವರ್ಷದ ಹಳೆಯ ಕಟ್ಟುಗಳು. ಪ್ರತಿಯೊಂದರ ಮೇಲೂ ಅವಳು ತಿದ್ದಿದ ಚೊಕ್ಕ ಪ್ರಕಟಣೆ, ಕೆಳಗೆ ಅದೇ ಫಾರಂ.

“ಅಕ್ಕಾ, ನಿಮ್ಮಿಂದ ಆಯ್ತು,” ಎಂದಳು ಆಯಮ್ಮ.

ರಬ್ಬರ್ ಅಕ್ಕ ಕೈಲಿದ್ದ ಅರ್ಜಿಯನ್ನು ನನ್ನತ್ತ ಚಾಚಿದಳು. ಐವತ್ತೆರಡರ ಮೇಲೆ ಕೆಂಪು ಗೀಟು. ಕೆಳಗೆ, ಅನುಭವದ ಆ ಒಂದೇ ಸಾಲಿನಲ್ಲಿ ಯಾರೋ ಬರೆದಿದ್ದರು: ‘ನಿಮ್ಮ ಪ್ರಕಟಣೆ ಓದಿ ಧೈರ್ಯ ಬಂತು.’