C ಯಾಕೆ ಸೊನ್ನೆ

ಹರಿಹರದಲ್ಲಿ ಐದು ವರ್ಷ ಎಂಜಿನಿಯರಿಂಗ್ ಹುಡುಗರಿಗೆ ಟ್ಯೂಷನ್ ಹೇಳಿದ ನುಜತ್, ದಾವಣಗೆರೆಯ ನಮ್ಮ ಕಾಲೇಜಿಗೆ ಗಣಿತದ ಕೆಲಸ ಕೇಳಿಕೊಂಡು ಬಂದಿದ್ದರು. ಅವರ ಮಾದರಿ ಪಾಠ ನೋಡಲು ವಿಭಾಗದ ಮುಖ್ಯಸ್ಥ ಹಾಲಸ್ವಾಮಿ ಮತ್ತು ಅಲ್ಲೇ ಪಾಠ ಮಾಡುವ ನಾನು ಕೂತಿದ್ದೆವು.

ನುಜತ್ ಬೋರ್ಡಿನ ಮೇಲೆ y″ + 2ty′ − 4y = 1 ಎಂದು ಬರೆದರು; y(0), y′(0) ಎರಡೂ ಸೊನ್ನೆ. t ಯಿಂದ ಗುಣಿಸಿದ್ದರ ಲಾಪ್ಲಾಸ್ ಪರಿವರ್ತನೆ ಬೇಕೆಂದರೆ s ಬಗ್ಗೆ ಅವಕಲನ ಮಾಡಿ ಮೈನಸ್ ಹಾಕಬೇಕು ಎಂದು ವಿವರಿಸಿ, y ಯ ಲಾಪ್ಲಾಸನ್ನು Y ಎಂದು ಕರೆದು, ty′ ಇದ್ದಲ್ಲಿ −(sY)′ ಇಟ್ಟರು. ಬಂದ ಸಮೀಕರಣವನ್ನು ಬಿಡಿಸಿದಾಗ Y = 1/s³ + C·e^(s²/4)/s³ ಆಯಿತು; C ಅನುಕಲನದ ಸ್ಥಿರಾಂಕ.

"ಆರಂಭದ ಬೆಲೆ ಸೊನ್ನೆ, ಅದಕ್ಕೆ C ಸೊನ್ನೆ," ಎಂದರು.

"ಆ ಬೆಲೆಗಳನ್ನ sY ಬರೆಯೋವಾಗ್ಲೇ ಬಳಸೀರಲ್ರಿ," ಎಂದರು ಹಾಲಸ್ವಾಮಿ. "ಮತ್ತೆ C ಹೆಂಗೆ ಸೊನ್ನೆ ಆತು?"

ಆ ಪ್ರಶ್ನೆ ನನ್ನ ಕಡೆ ತಿರುಗದಿರಲಿ ಎಂದು ನಾನು ತಲೆ ತಗ್ಗಿಸಿ ಹಾಜರಿ ಪುಸ್ತಕ ತಿರುವಿದೆ.

ನುಜತ್ C ಇದ್ದ ಪದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. "s ದೊಡ್ಡದಾಗ್ತಾ ಹೋದ್ರೆ Y ಸೊನ್ನೆಗೆ ಇಳೀಬೇಕು ಸರ್. C ಉಳಿದ್ರೆ ಈ ಪದ ಮಿತಿ ಇಲ್ದಂಗೆ ಬೆಳೀತೈತೆ. ಅದಕ್ಕೇ C ಸೊನ್ನೆ. ಉತ್ತರ t²/2."

"ಬುಧವಾರದಿಂದ ಬರ್ರಿ."

"ಗುರುವಾರ ಬರ್ತೀನಿ ಸರ್. ಐದು ವರ್ಷ ಹುಡುಗರಿಗೆ ತಪ್ಪು ಕಾರಣ ಹೇಳೀನಿ. ಬುಧವಾರ ಅವರನ್ನ ಕರೆಸಬೇಕು."

ಹಾಲಸ್ವಾಮಿ ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತು ವರ್ಷದಿಂದ ನಾನೂ ಅದೇ ಕಾರಣ ಹೇಳುತ್ತಿದ್ದೆ, ನನ್ನ ಮುಂದಿನ ತರಗತಿ ಮರುದಿನ ಬೆಳಿಗ್ಗೆಯೇ ಇತ್ತು.